ಇಂಡೆಕ್ಸ್ ಪುಟ್ ಕೊಂಡು ಷೇರುಗಳನ್ನು ಕಾಯುವುದು: ಖರ್ಚಿಗೆ ತಕ್ಕ ಫಲ ಇದೆಯಾ?

ಹೊಸಹಾದಿ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 40 ಲಕ್ಷದ ಷೇರುಗಳಿವೆ. ಬಹುತೇಕ ದೊಡ್ಡ ಕಂಪನಿಗಳೇ, ಆದರೆ ಮಾರುಕಟ್ಟೆಗಿಂತ ಸ್ವಲ್ಪ ಜೋರಾಗಿ ಏರಿಳಿಯುತ್ತವೆ. ಬೀಟಾ ಲೆಕ್ಕ ಹಾಕಿದರೆ 1.2 ಬರುತ್ತದೆ. ಇನ್ನೊಂದು ವರ್ಷಕ್ಕೆ ಇದರಲ್ಲಿ ದೊಡ್ಡ ಭಾಗ ಮನೆ ಕೊಳ್ಳಲು ಬೇಕು. ಈಗಲೇ ಮಾರಿದರೆ ಲಾಭದ ಮೇಲೆ ತೆರಿಗೆ ಬೀಳುತ್ತದೆ. ಮಾರುಕಟ್ಟೆ ಏರಿದರೆ ಅದೂ ತಪ್ಪಿಹೋಗುತ್ತದೆ. ಅದಕ್ಕೇ ಇಂಡೆಕ್ಸ್ ಪುಟ್ ಆಪ್ಷನ್ ನೋಡುತ್ತಿದ್ದೇನೆ. ಪ್ರೀಮಿಯಂ ಕಟ್ಟಿ ಕೊಂಡರೆ, ಇಂಡೆಕ್ಸ್ ಸ್ಟ್ರೈಕ್ ಅನ್ನುವ ಮಟ್ಟಕ್ಕಿಂತ ಎಷ್ಟು ಕೆಳಗೆ ಬಿದ್ದಿದೆಯೋ ಅಷ್ಟು ಹಣ ಕೊಡುವ ಒಪ್ಪಂದ ಅದು.

ಲೆಕ್ಕಕ್ಕೆ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿ ಹೇಳುತ್ತೇನೆ. ಇಂಡೆಕ್ಸ್ 20,000ದಲ್ಲಿದೆ. ಒಂದು ಲಾಟ್‌ಗೆ 50. ಮೂರು ತಿಂಗಳ ಪುಟ್‌ಗೆ 20,000 ಸ್ಟ್ರೈಕ್‌ನಲ್ಲಿ 500, 19,000ದಲ್ಲಿ 220, 18,000ದಲ್ಲಿ 100 ಕೇಳುತ್ತಿದ್ದಾರೆ. ಎಷ್ಟು ಲಾಟ್ ಬೇಕು, ಯಾವ ಸ್ಟ್ರೈಕ್ ಸರಿ, ಇಷ್ಟು ದುಡ್ಡು ಕೊಡುವುದು ಸಾರ್ಥಕವಾ ಅಂತ ತಿಳಿದವರು ಹೇಳಿ.

ನೇರನುಡಿ:
ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ. ಒಂದು ಲಾಟ್ ಅಂದರೆ 20,000 ಸಲ 50, ಅಂದರೆ 10 ಲಕ್ಷ. ನಿಮ್ಮದು 40 ಲಕ್ಷ, ಹಾಗಾಗಿ 4 ಲಾಟ್ ಸಾಕು. ಆದರೆ ನನ್ನ ಮಾತು ಕೇಳಿದರೆ ಪುಟ್ ಕೊಳ್ಳಲೇಬೇಡಿ. 20,000ದ ಪುಟ್ ಕೊಂಡರೆ ಮೂರು ತಿಂಗಳಿಗೆ 2.5%, ವರ್ಷಕ್ಕೆ 10% ಖರ್ಚು. ಷೇರಿನಿಂದ ಬರುವ ಲಾಭವೆಲ್ಲ ಅದಕ್ಕೇ ಹೋಗುತ್ತದೆ. ಕಾಲು ಭಾಗ ಷೇರು ಮಾರಿ, ಬ್ಯಾಂಕಿನಲ್ಲಿಟ್ಟು ನೆಮ್ಮದಿಯಾಗಿರಿ. ಅದಕ್ಕೆ ಪ್ರೀಮಿಯಂ ಕಟ್ಟಬೇಕಿಲ್ಲ.

ಚಿಗುರು:
ನನಗೊಂದು ಅನುಮಾನ. ಪುಟ್ ಮಾರಿದರೆ ಪ್ರೀಮಿಯಂ ನಮಗೇ ಬರುತ್ತದಲ್ವಾ? ಷೇರು ಹೇಗೂ ಕೈಯಲ್ಲಿದೆ. ತಿಂಗಳು ತಿಂಗಳು ಪುಟ್ ಮಾರುತ್ತಾ ಹೋದರೆ ಆ ಆದಾಯವೇ ನಷ್ಟಕ್ಕೆ ಅಡ್ಡ ನಿಲ್ಲುವುದಿಲ್ವಾ?

ಅಂಕಿಸಂಕಿ:
ಚಿಗುರು ಅವರೇ, ಪುಟ್ ಮಾರಿದರೆ ಮಾರುಕಟ್ಟೆ ಬಿದ್ದಾಗ ಬೇರೆಯವರ ನಷ್ಟವನ್ನು ನೀವು ತುಂಬಿಕೊಡಬೇಕು. ಷೇರು ಬೀಳುವ ದಿನವೇ ಆ ಹೊರೆಯೂ ಬರುತ್ತದೆ. ಹೊಸಹಾದಿ ಅವರು ಕೇಳಿರುವುದು ಇದರ ತದ್ವಿರುದ್ಧ.

ಮೊದಲು ಲಾಟ್ ಲೆಕ್ಕ. ನೇರನುಡಿ ಅವರು ಬೀಟಾ ಬಿಟ್ಟಿದ್ದಾರೆ. ಇಂಡೆಕ್ಸ್ 10% ಬಿದ್ದರೆ ಈ ಷೇರುಗಳು ಸುಮಾರು 12% ಬೀಳುತ್ತವೆ. ಅಂದರೆ ಇವು ಇಂಡೆಕ್ಸಿನ 48 ಲಕ್ಷಕ್ಕೆ ಸಮ. 10 ಲಕ್ಷದಿಂದ ಭಾಗಿಸಿದರೆ 4.8 ಬರುತ್ತದೆ. ಅರ್ಧಂಬರ್ಧ ಲಾಟ್ ಸಿಗುವುದಿಲ್ಲ, 5 ತೆಗೆದುಕೊಳ್ಳಬೇಕು. 4 ತೆಗೆದುಕೊಂಡರೆ ಆರನೇ ಒಂದು ಭಾಗಕ್ಕೆ ರಕ್ಷಣೆಯೇ ಇರುವುದಿಲ್ಲ.

ಈಗ 19,000ದ ಪುಟ್ ನೋಡೋಣ. 5 ಲಾಟ್, ತಲಾ 50, ಬೆಲೆ 220. ಒಟ್ಟು 55,000. ನಿಮ್ಮ 40 ಲಕ್ಷಕ್ಕೆ ಇದು 1.4% ಹತ್ತಿರ. ಮೂರು ತಿಂಗಳ ಕೊನೆಗೆ ಇಂಡೆಕ್ಸ್ ಸರಿಯಾಗಿ 19,000ದಲ್ಲಿ ನಿಂತರೆ ನಿಮಗೆ ತುಂಬಾ ಬೇಜಾರಿನ ಸ್ಥಿತಿ. ಷೇರಿನಲ್ಲಿ 2,40,000 ಹೋಗಿರುತ್ತದೆ, ಪುಟ್‌ನಿಂದ ಏನೂ ಬರುವುದಿಲ್ಲ, ಕೊಟ್ಟ 55,000ವೂ ಹೋಯಿತು. ಒಟ್ಟು ನಷ್ಟ 2,95,000. ಆದರೆ ಅಲ್ಲಿಂದ ಕೆಳಗೆ ನಷ್ಟ ಹೆಚ್ಚುಕಡಿಮೆ ಅಷ್ಟಕ್ಕೇ ನಿಲ್ಲುತ್ತದೆ. ಇಂಡೆಕ್ಸ್ 18,000ಕ್ಕೆ ಬಂದರೆ ಷೇರಿನಲ್ಲಿ 4,80,000 ನಷ್ಟ, ಪುಟ್‌ನಿಂದ 2,50,000 ವಾಪಸ್, ಪ್ರೀಮಿಯಂ ಸೇರಿಸಿದರೆ ಕಳೆದುಕೊಂಡಿದ್ದು 2,85,000. 16,000ಕ್ಕೆ ಬಿದ್ದರೂ 2,65,000 ಅಷ್ಟೇ. ಹೆಡ್ಜ್ ಇಲ್ಲದಿದ್ದರೆ ಅಲ್ಲಿ 9,60,000 ಹೋಗುತ್ತಿತ್ತು. ಬಿದ್ದಷ್ಟೂ ನಷ್ಟ ಸ್ವಲ್ಪ ಕಡಿಮೆಯಾಗುತ್ತಿರುವುದು ನಾವು 4.8ರ ಬದಲು 5 ಲಾಟ್ ತೆಗೆದುಕೊಂಡಿದ್ದರಿಂದ.

ಕಾಲು ಭಾಗ ಮಾರುವ ಸಲಹೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಅದನ್ನೂ ಇದೇ ತಕ್ಕಡಿಯಲ್ಲಿ ತೂಗಿ ನೋಡಿದೆ. ತೆರಿಗೆ, ಬಡ್ಡಿ ಎರಡನ್ನೂ ಬದಿಗಿಟ್ಟರೆ, ಮೂರು ತಿಂಗಳಲ್ಲಿ ಇಂಡೆಕ್ಸ್ ಸುಮಾರು 8%ಗಿಂತ ಜಾಸ್ತಿ ಬಿದ್ದರೆ ಅಥವಾ 4.6%ಗಿಂತ ಜಾಸ್ತಿ ಏರಿದರೆ ಪುಟ್ ಕೊಂಡವರೇ ಮೇಲು. ಈ ಎರಡರ ನಡುವೆ ಎಲ್ಲಿ ನಿಂತರೂ ಕಾಲು ಭಾಗ ಮಾರಿದವರು ಮೇಲು. ಮಾರುಕಟ್ಟೆ ಹೆಚ್ಚಿನ ಸಲ ನಿಲ್ಲುವುದು ಈ ನಡುವಿನಲ್ಲೇ. ಹಾಗಾಗಿ ಬಹಳಷ್ಟು ತ್ರೈಮಾಸಿಕಗಳಲ್ಲಿ ನೇರನುಡಿ ಅವರ ದಾರಿಯೇ ಗೆದ್ದಂತೆ ಕಾಣುತ್ತದೆ. ಆದರೆ 20% ಬಿದ್ದ ಆ ಒಂದು ಸಲ ಅವರದು 7,20,000 ನಷ್ಟ, ಪುಟ್ ಇದ್ದವರದು 2,65,000. ಅಂಥ ಒಂದು ತ್ರೈಮಾಸಿಕ ಬಂದರೆ ನಿಮ್ಮ ಮನೆಯ ಯೋಜನೆ ಉಳಿಯುತ್ತದಾ ಅಂತ ಮೊದಲು ಕೇಳಿಕೊಳ್ಳಿ.

ನೇರನುಡಿ:
ಲಾಟ್ ವಿಷಯ ಒಪ್ಪಿದೆ. ಆದರೆ 55,000 ಅಂದರೆ ಒಂದು ಸಲದ್ದು. ವರ್ಷಕ್ಕೆ ನಾಲ್ಕು ಸಲ ಕೊಡಬೇಕು. 2,20,000. ಅದು 5.5% ಆಯಿತು. ಷೇರು ವರ್ಷಕ್ಕೆ ಎಷ್ಟು ಕೊಡುತ್ತದೆ ಅಂತ ಇದನ್ನು ಖುಷಿಯಿಂದ ಕಟ್ಟಬೇಕು? ನಿಮ್ಮ ಅಂಕಿಗಳು ಒಂದು ತ್ರೈಮಾಸಿಕವನ್ನು ಮಾತ್ರ ತೋರಿಸುತ್ತಿವೆ.

ಕಡಲತೀರ:
ಈ ಮಾತು ನಿಜ, ಇದನ್ನು ಬಿಟ್ಟು ಮುಂದೆ ಹೋಗಬಾರದು. ಅಮೆರಿಕದ ಸಿಬಿಒಇ ವಿನಿಮಯ ಕೇಂದ್ರ ಇದಕ್ಕಾಗಿಯೇ ಒಂದು ಸೂಚ್ಯಂಕ ಲೆಕ್ಕ ಹಾಕುತ್ತದೆ. ಎಸ್ ಅಂಡ್ ಪಿ 500 ಇಟ್ಟುಕೊಂಡು, ತಿಂಗಳು ತಿಂಗಳು 5% ಕೆಳಗಿನ ಪುಟ್ ಕೊಳ್ಳುತ್ತಾ ಹೋದರೆ ಏನಾಗುತ್ತದೆ ಅಂತ ಅದು ತೋರಿಸುತ್ತದೆ. ದೀರ್ಘ ಕಾಲದಲ್ಲಿ ಅದು ಬರೀ ಎಸ್ ಅಂಡ್ ಪಿ 500ಗಿಂತ ಸಾಕಷ್ಟು ಹಿಂದೆ ಉಳಿದಿದೆ. ರಕ್ಷಣೆಯನ್ನು ಸದಾ ಇಟ್ಟುಕೊಳ್ಳುವವರು ಸದಾ ತೆರುತ್ತಾರೆ.

ಇನ್ನೊಂದು ತೊಂದರೆ ಖರ್ಚಿಗಿಂತ ದೊಡ್ಡದು. ಮೂರು ಮೂರು ತಿಂಗಳಿಗೆ ಪುಟ್ ಬದಲಿಸುತ್ತಿದ್ದರೆ ಸ್ಟ್ರೈಕ್ ಕೂಡ ಇಂಡೆಕ್ಸಿನ ಹಿಂದೆಯೇ ಕೆಳಗಿಳಿಯುತ್ತದೆ. ಇಂಡೆಕ್ಸ್ ಪ್ರತಿ ತ್ರೈಮಾಸಿಕ 4% ಇಳಿಯಿತು ಅಂತಿಟ್ಟುಕೊಳ್ಳಿ. 20,000ದಿಂದ 19,200, ಅಲ್ಲಿಂದ 18,430, ಆಮೇಲೆ 17,700, ಕೊನೆಗೆ 17,000ದ ಹತ್ತಿರ. ಪ್ರತಿ ಸಲ ನಿಮ್ಮ ಪುಟ್ 5% ಕೆಳಗಿತ್ತು, ಇಳಿದದ್ದು 4%. ನಾಲ್ಕೂ ಪುಟ್ ಸೊನ್ನೆಗೆ ಮುಗಿದವು. ಷೇರಿನಲ್ಲಿ 7 ಲಕ್ಷಕ್ಕಿಂತ ಜಾಸ್ತಿ ಹೋಯಿತು, ಅದರ ಮೇಲೆ ಪ್ರೀಮಿಯಂ 2 ಲಕ್ಷದ ಆಸುಪಾಸು. ಹೆಡ್ಜ್ ಮಾಡದವರಿಗಿಂತ ನೀವೇ ಕಷ್ಟಕ್ಕೆ ಸಿಕ್ಕಿದಿರಿ.

ಇದು ಕಾಗದದ ಮೇಲಿನ ಲೆಕ್ಕ ಮಾತ್ರ ಅಲ್ಲ. 2020ರಲ್ಲಿ ಎಸ್ ಅಂಡ್ ಪಿ 500 ಫೆಬ್ರವರಿ 19ರಿಂದ ಮಾರ್ಚ್ 23ರೊಳಗೆ ಸುಮಾರು 34% ಬಿತ್ತು. ಮೊದಲೇ ಪುಟ್ ಇಟ್ಟವರಿಗೆ ಅದು ಭರ್ತಿ ಕೊಟ್ಟಿತು. 2022ರಲ್ಲಿ ಅದೇ ಇಂಡೆಕ್ಸ್ ಜನವರಿಯಿಂದ ಅಕ್ಟೋಬರ್‌ವರೆಗೆ 25% ಇಳಿಯಿತು, ಆದರೆ ಹಂತ ಹಂತವಾಗಿ, ನಡುವೆ ಏರುತ್ತಾ. ಅಲ್ಲಿ ಮಾರುಕಟ್ಟೆಯ ಭಯವನ್ನು ಅಳೆಯುವ ಸೂಚ್ಯಂಕ ವಿಕ್ಸ್ ಒಂದು ದಿನವೂ 40ರ ಮೇಲೆ ಮುಗಿಯಲಿಲ್ಲ. ಅಲ್ಪಾವಧಿ ಪುಟ್ ಬದಲಿಸುತ್ತಾ ಹೋದವರಲ್ಲಿ ಬಹಳ ಜನಕ್ಕೆ ಅಷ್ಟೊಂದು ಇಳಿತದಲ್ಲೂ ತೃಪ್ತಿಯಾಗಲಿಲ್ಲ.

ಹೊಸಹಾದಿ:
ಇದು ನನಗೆ ಹೊಳೆದೇ ಇರಲಿಲ್ಲ. ಬಿದ್ದರೆ ಪುಟ್ ಕೊಡುತ್ತದೆ ಅಂತಷ್ಟೇ ಅಂದುಕೊಂಡಿದ್ದೆ. ಎಷ್ಟು ಬೇಗ ಬಿತ್ತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ ಅಂದರೆ, ನನ್ನಂಥವರು ಏನು ಮಾಡಬೇಕು? ನನಗೆ ಹಣ ಬೇಕಿರುವುದು ವರ್ಷದ ಕೊನೆಗೆ. ನಡುವೆ ಎಷ್ಟು ಏರಿಳಿದರೂ ಚಿಂತೆ ಇಲ್ಲ.

ಅಂಕಿಸಂಕಿ:
ಈ ಕೊನೆಯ ಎರಡು ಸಾಲಿನಲ್ಲೇ ನಿಮ್ಮ ಉತ್ತರ ಇದೆ. ನಿಮ್ಮ ಅಪಾಯ ಒಂದು ನಿರ್ದಿಷ್ಟ ತಾರೀಖಿಗೆ ಕಟ್ಟಿಕೊಂಡಿದೆ. ಹಾಗಿದ್ದರೆ ಪುಟ್ ಕೂಡ ಆ ತಾರೀಖಿನ ಹತ್ತಿರ ಮುಗಿಯುವಂಥದ್ದೇ ಆಗಲಿ.

ನೀವು ಕೊಟ್ಟ ಬೆಲೆಗಳ ಲೆಕ್ಕದಲ್ಲಿ ಒಂದು ವರ್ಷದ 19,000ದ ಪುಟ್ 550ರ ಆಸುಪಾಸು ಇರಬೇಕು. 5 ಲಾಟ್‌ಗೆ 1,37,500, ಅಂದರೆ 3.4%. ಮೂರು ತಿಂಗಳದ್ದನ್ನು ನಾಲ್ಕು ಸಲ ಕೊಂಡರೆ 880 ಆಗುತ್ತಿತ್ತು. ಅವಧಿ ನಾಲ್ಕು ಪಟ್ಟು ಆದರೆ ಪುಟ್ ಬೆಲೆ ನಾಲ್ಕು ಪಟ್ಟು ಆಗುವುದಿಲ್ಲ. ಈಗ ಕಡಲತೀರ ಅವರ ನಿಧಾನ ಇಳಿತವನ್ನೇ ತೆಗೆದುಕೊಳ್ಳಿ. ಕೊನೆಗೆ ಇಂಡೆಕ್ಸ್ 17,000. ವರ್ಷದ ಪುಟ್ ಸ್ಟ್ರೈಕ್ ಅಲ್ಲಾಡಿಲ್ಲ, 19,000ದಲ್ಲೇ ಇದೆ. 2,000 ಅಂಕ, 250ರಿಂದ ಗುಣಿಸಿದರೆ 5 ಲಕ್ಷ ಕೈಗೆ ಬಂತು. 7 ಲಕ್ಷದ ಮೇಲಿದ್ದ ನಷ್ಟ ಪ್ರೀಮಿಯಂ ಸೇರಿಯೂ ಮೂರೂವರೆ ಲಕ್ಷಕ್ಕೆ ಇಳಿಯಿತು.

ಆದರೆ ಇದಕ್ಕೂ ಒಂದು ಕೊರತೆ ಇದೆ. ಇಂಡೆಕ್ಸ್ ಮೊದಲು 23,000ಕ್ಕೆ ಏರಿ, ಆಮೇಲೆ 20% ಬಿದ್ದು 18,400ಕ್ಕೆ ಬಂದರೆ ನಿಮಗೆ ಸಿಗುವುದು 600 ಅಂಕ ಮಾತ್ರ. ನಡುವೆ ಗಳಿಸಿದ್ದನ್ನು ಈ ಪುಟ್ ಕಾಯುವುದಿಲ್ಲ. ನೀವು ಇಂದಿನ 40 ಲಕ್ಷವನ್ನು ಕಾಯಬೇಕು ಅನ್ನುತ್ತಿದ್ದೀರಿ, ಮುಂದೆ ಏರುವುದನ್ನಲ್ಲ. ಅದಕ್ಕೇ ನಿಮಗೆ ಇದು ಹೊಂದುತ್ತದೆ. ತಾರೀಖು ಇಲ್ಲದೆ ಸುಮ್ನೆ ಭಯಕ್ಕೆ ಹೆಡ್ಜ್ ಮಾಡುವವರಿಗೆ ನಾನು ಇದೇ ಮಾತು ಹೇಳುತ್ತಿರಲಿಲ್ಲ.

ಕೊಳ್ಳುವಾಗ ಎಚ್ಚರ ಬೇಕು. ದೂರದ ಎಕ್ಸ್‌ಪೈರಿಗಳಲ್ಲಿ ವ್ಯಾಪಾರ ಕಡಿಮೆ. ಕೊಳ್ಳುವವರ ಬೆಲೆ 510, ಮಾರುವವರದು 590 ಅಂತ ಕಾಣಿಸಬಹುದು. ಮಾರ್ಕೆಟ್ ಆರ್ಡರ್ ಹಾಕಿದರೆ 590ಕ್ಕೇ ಬೀಳುತ್ತದೆ. ಒಂದೇ ಏಟಿಗೆ 10,000 ಹೆಚ್ಚು ಕೊಟ್ಟಂತೆ. ನಡುವಿನ ಬೆಲೆಗೆ ಲಿಮಿಟ್ ಹಾಕಿ, ಒಂದೊಂದೇ ಲಾಟ್ ತೆಗೆದುಕೊಳ್ಳಿ. ಒಂದು ದಿನ ತಡವಾದರೂ ಪರವಾಗಿಲ್ಲ.

ಮುಂಗಾರು:
ನನ್ನದೂ ಒಂದು ಅನುಭವ ಇದೆ, ಹೇಳಿಬಿಡುತ್ತೇನೆ. ನನ್ನ ಷೇರುಗಳೆಲ್ಲ ಚಿಕ್ಕ ಕಂಪನಿಗಳವು, ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಒಂದೇ ಉದ್ಯಮದ್ದು. ದೊಡ್ಡ ಇಂಡೆಕ್ಸಿನ ಪುಟ್ ಕೊಂಡಿದ್ದೆ. ಆ ಉದ್ಯಮಕ್ಕೆ ಕೆಟ್ಟ ಸುದ್ದಿ ಬಂದು ನನ್ನ ಷೇರುಗಳು ಧಪ್ ಅಂತ ಬಿದ್ದವು. ಇಂಡೆಕ್ಸ್ ಮಾತ್ರ ಇದ್ದಲ್ಲೇ ಇತ್ತು. ಷೇರೂ ಹೋಯಿತು, ಪುಟ್ ಬೆಲೆಯೂ ದಿನ ದಿನ ಕರಗಿತು. ಈಗ ನನ್ನ ಪ್ರಶ್ನೆ: ಬೀಟಾ 1.5 ಇತ್ತು, ಅದಕ್ಕೆ ತಕ್ಕಷ್ಟು ಲಾಟ್ ಕೂಡ ಇತ್ತು. ಮತ್ತೆ ಯಾಕೆ ಕೆಲಸ ಮಾಡಲಿಲ್ಲ?

ಅಂಕಿಸಂಕಿ:
ಮುಂಗಾರು ಅವರೇ, ಬೀಟಾ ಹೇಳುವುದು ಇಂಡೆಕ್ಸ್ ಅಲ್ಲಾಡಿದರೆ ನಿಮ್ಮ ಷೇರು ಸರಾಸರಿ ಎಷ್ಟು ಅಲ್ಲಾಡುತ್ತದೆ ಅಂತ. ಷೇರು ತನ್ನದೇ ಕಾರಣಕ್ಕೆ ಬೀಳುವುದು ಅದರಲ್ಲಿ ಇಲ್ಲ. ಅದನ್ನು ತಿಳಿಯಲು ನಿಮ್ಮ ಷೇರುಗಳ ವಾರದ ಏರಿಳಿತ ಮತ್ತು ಇಂಡೆಕ್ಸಿನ ಏರಿಳಿತವನ್ನು ಸ್ಪ್ರೆಡ್‌ಶೀಟಿನಲ್ಲಿ ಎದುರುಬದುರು ಹಾಕಿ, ಕನಿಷ್ಠ ಎರಡು ವರ್ಷದ್ದು. ಬೀಟಾಗೆ `SLOPE`, ಹೊಂದಾಣಿಕೆಗೆ `RSQ`.

```
=SLOPE(B2:B105, C2:C105)
=RSQ(B2:B105, C2:C105)
```

ಇಲ್ಲಿ ಬಿ ಕಾಲಂ ನಿಮ್ಮದು, ಸಿ ಕಾಲಂ ಇಂಡೆಕ್ಸಿನದು. ಎರಡನೆಯದು 0.8ರ ಮೇಲಿದ್ದರೆ ಇಂಡೆಕ್ಸ್ ಪುಟ್ ನಿಮ್ಮ ಅಪಾಯದ ಹೆಚ್ಚಿನ ಭಾಗವನ್ನು ಹಿಡಿಯುತ್ತದೆ. 0.3 ಬಂದರೆ ಏರಿಳಿತದ ಬಹುಪಾಲಿಗೂ ಇಂಡೆಕ್ಸಿಗೂ ಸಂಬಂಧವೇ ಇಲ್ಲ ಅಂತ ಅರ್ಥ. ಆಗ ಬೀಟಾ ಎಷ್ಟೇ ಇರಲಿ, ಲಾಟ್ ಎಷ್ಟೇ ಇರಲಿ, ಪುಟ್ ಕೈಕೊಡಬಹುದು. ನಿಮ್ಮಂಥ ಹೂಡಿಕೆಗೆ ಒಂದೇ ಉದ್ಯಮದ ಪಾಲನ್ನು ಕಡಿಮೆ ಮಾಡುವುದೇ ಮದ್ದು. ಅಲ್ಲಿ ನೇರನುಡಿ ಅವರ ಮಾತೇ ಸರಿ, ಮಾರಿ.

ಹೊಸಹಾದಿ ಅವರೇ, ನೀವೂ ಪುಟ್ ಕೊಳ್ಳುವ ಮುಂಚೆ ಇದನ್ನು ನೋಡಿಕೊಳ್ಳಿ.

ಹೊಸಹಾದಿ:
ಹಾಕಿ ನೋಡಿದೆ. 0.84 ಬಂತು, ಬೀಟಾ 1.18. ಇನ್ನೊಂದು ಪ್ರಶ್ನೆ. 1,37,500 ಈಗಲೇ ಕೊಡುವುದು ಭಾರ ಅನ್ನಿಸುತ್ತಿದೆ. ಮಾರುಕಟ್ಟೆ ಸ್ವಲ್ಪ ಬೀಳಲು ಶುರುವಾದ ಮೇಲೆ ಕೊಂಡರೆ ಆಗಲ್ವಾ?

ಕಡಲತೀರ:
ಹಾಗೆ ಕಾದವರಿಗೆ ಸಿಗುವ ಬೆಲೆಯೇ ಬೇರೆ. ಪುಟ್ ಬೆಲೆಯಲ್ಲಿ ಇಂಡೆಕ್ಸ್ ಮಟ್ಟ ಎಷ್ಟು ಮುಖ್ಯವೋ, ಜನ ಎಷ್ಟು ಏರಿಳಿತ ನಿರೀಕ್ಷಿಸುತ್ತಿದ್ದಾರೆ ಅನ್ನುವುದೂ ಅಷ್ಟೇ ಮುಖ್ಯ. ನೀವು ಹೇಳಿದ 220ರ ಪುಟ್‌ನಲ್ಲಿ ಆ ನಿರೀಕ್ಷೆ 17%ರ ಆಸುಪಾಸು. ಮಾರುಕಟ್ಟೆಗೆ ಭಯ ಹಿಡಿದು ಅದು 45ಕ್ಕೆ ಹೋದರೆ, 5% ಕೆಳಗಿನ ಅದೇ ಬಗೆಯ ಪುಟ್ 1,100 ದಾಟುತ್ತದೆ. ಐದು ಪಟ್ಟು. 2020ರ ಮಾರ್ಚ್ 16ರಂದು ವಿಕ್ಸ್ 82.69ಕ್ಕೆ ಮುಗಿದಿತ್ತು. ಆ ದಿನ ರಕ್ಷಣೆ ಕೊಳ್ಳಲು ಹೋದವರು ಎಷ್ಟು ತೆತ್ತಿರಬೇಕು, ಯೋಚಿಸಿ.

ಕೆಳಗಿನ ಸ್ಟ್ರೈಕ್‌ಗಳು ಮಾಮೂಲಿ ದಿನಗಳಲ್ಲೂ ಸ್ವಲ್ಪ ದುಬಾರಿಯೇ. 1987ರ ಅಕ್ಟೋಬರ್ 19ರಂದು ಎಸ್ ಅಂಡ್ ಪಿ 500 ಒಂದೇ ದಿನ 20%ಗಿಂತ ಜಾಸ್ತಿ ಬಿದ್ದ ಮೇಲೆ, ದೊಡ್ಡ ಕುಸಿತಕ್ಕೆ ಮಾರುಕಟ್ಟೆ ಬೇರೆಯೇ ಬೆಲೆ ಕಟ್ಟಲು ಶುರು ಮಾಡಿತು. ಅದು ಇವತ್ತಿಗೂ ಹೋಗಿಲ್ಲ.

ಖರ್ಚು ಇಳಿಸಬೇಕಾದರೆ ಕಾಲರ್ ಮಾಡಿ. ಅಂದರೆ ಪುಟ್ ಕೊಳ್ಳುವುದರ ಜೊತೆಗೆ, ಇಂಡೆಕ್ಸ್ ಸ್ಟ್ರೈಕ್ ದಾಟಿ ಏರಿದರೆ ಹಣ ಕೊಡುವ ಕಾಲ್ ಆಪ್ಷನ್ ಒಂದನ್ನು ಮಾರಿ. ನಿಮ್ಮ ಮೂರು ತಿಂಗಳ ಬೆಲೆಗಳನ್ನೇ ತೆಗೆದುಕೊಂಡರೆ, 21,200ರ ಹತ್ತಿರದ ಕಾಲ್ ಮಾರಿದರೆ ಸುಮಾರು 200 ಬರುತ್ತದೆ. 19,000ದ ಪುಟ್ ಹೆಚ್ಚುಕಡಿಮೆ ಬಿಟ್ಟಿ ಬಿದ್ದಂತೆ. ವರ್ಷದ ಎಕ್ಸ್‌ಪೈರಿಯಲ್ಲೂ ಇದೇ ರೀತಿ ಮಾಡಬಹುದು, ಆಗ ಕಾಲ್‌ನ ಸ್ಟ್ರೈಕ್ ಇನ್ನೂ ಮೇಲಿರುತ್ತದೆ.

ಅಂಕಿಸಂಕಿ:
ಕಾಲರ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಪ್ರೀಮಿಯಂ ಕೈಯಿಂದ ಹೋಗದಿದ್ದರೂ 6%ರ ಮೇಲಿನ ಏರಿಕೆ ಹೋಗುತ್ತದೆ, ಅದೂ ಖರ್ಚೇ. ಅದಕ್ಕಿಂತ ಮುಖ್ಯ, ನೀವು ಮಾರಿದ್ದು ಇಂಡೆಕ್ಸಿನ ಕಾಲ್, ಕೈಯಲ್ಲಿರುವುದು ಬೇರೆ ಷೇರುಗಳು. ಇಂಡೆಕ್ಸ್ ಜಿಗಿದು, ನಿಮ್ಮ ಷೇರುಗಳು ಹಿಂದೆ ಉಳಿದರೆ ನಷ್ಟ ಎರಡು ಕಡೆಯಿಂದ. ಕಾಲ್ ಮಾರಿದ್ದಕ್ಕೆ ಮಾರ್ಜಿನ್ ಬೇಕು. ಇಂಡೆಕ್ಸ್ ಏರಿದ ದಿನ ಇನ್ನಷ್ಟು ಹಣ ತುಂಬಿ ಅನ್ನುತ್ತಾರೆ, ಇಲ್ಲದಿದ್ದರೆ ಷೇರು ಮಾರಬೇಕಾಗುತ್ತದೆ.

ಖರ್ಚು ಭಾರವಾದರೆ ಸ್ಟ್ರೈಕ್ ಇಳಿಸಿ, ಇಲ್ಲವೇ ಲಾಟ್ ಕಡಿಮೆ ಮಾಡಿ. ಮನೆಗೆ ಬೇಕಿರುವ ಭಾಗ 24 ಲಕ್ಷ ಅಂತಿಟ್ಟುಕೊಳ್ಳಿ. ಅಷ್ಟಕ್ಕೆ 3 ಲಾಟ್ ಸಾಕು, ಖರ್ಚು 82,500. ಉಳಿದ 16 ಲಕ್ಷಕ್ಕೆ ತಾರೀಖಿನ ಒತ್ತಡ ಇಲ್ಲ, ಬಿದ್ದರೂ ಕಾಯಬಹುದು.

ಕಡಲತೀರ:
ಮಾರ್ಜಿನ್ ಮಾತು ಸರಿ. ಆದರೂ ಸ್ವಲ್ಪ ನಗದು ಪಕ್ಕಕ್ಕೆ ಇಟ್ಟುಕೊಂಡವರಿಗೆ ಕಾಲರ್ ಕೆಟ್ಟದ್ದಲ್ಲ ಅಂತಲೇ ನನ್ನ ಅಭಿಪ್ರಾಯ. ವರ್ಷಕ್ಕೆ 3.4% ಕೊಡುವುದಕ್ಕಿಂತ, ಬೇಕಿಲ್ಲದ ಏರಿಕೆಯನ್ನು ಬಿಟ್ಟುಕೊಡುವುದು ಮನೆ ಕೊಳ್ಳುವವರಿಗೆ ಹಗುರ.

ಮುಂಗಾರು:
ಒಂದು ಕೇಳಬೇಕಿತ್ತು. ಪುಟ್ ಕೊಂಡ ಮೇಲೆ ಮೂರೇ ವಾರದಲ್ಲಿ ಬಿದ್ದುಬಿಟ್ಟರೆ? ಮಾರಿಬಿಡಬೇಕಾ, ಕೊನೆವರೆಗೆ ಇಟ್ಟುಕೊಳ್ಳಬೇಕಾ?

ಕಡಲತೀರ:
ನಾನಾದರೆ ಒಂದು ಭಾಗ ಮಾರುತ್ತೇನೆ. ಮೂರು ತಿಂಗಳ 19,000ದ ಪುಟ್‌ನಲ್ಲಿ, ಮೂರು ವಾರಕ್ಕೇ ಇಂಡೆಕ್ಸ್ 18,000ಕ್ಕೆ ಬಂದು ಭಯ 30ಕ್ಕೆ ಏರಿದರೆ ಬೆಲೆ 1,400ರ ಹತ್ತಿರ ಇರುತ್ತದೆ. ಅದೇ 18,000 ಎಕ್ಸ್‌ಪೈರಿ ದಿನ ಬಂದರೆ 1,000 ಮಾತ್ರ. ಆ 400 ಭಯದ ಬೆಲೆ ಮತ್ತು ಉಳಿದ ಸಮಯದ ಬೆಲೆ. ಮಾರುಕಟ್ಟೆ ತಣ್ಣಗಾದರೆ ಅದು ಆವಿಯಾಗುತ್ತದೆ. 5ರಲ್ಲಿ 2 ಲಾಟ್ ಮಾರಿದರೆ 1,40,000 ಬಂತು. ಕೊಟ್ಟಿದ್ದ 55,000 ಎರಡೂವರೆ ಪಟ್ಟಾಗಿ ವಾಪಸ್, ಇನ್ನೂ 3 ಲಾಟ್ ಕೈಯಲ್ಲಿ.

ಅಂಕಿಸಂಕಿ:
ಮಾರಿದ ಕೂಡಲೇ ಅಷ್ಟು ಭಾಗಕ್ಕೆ ರಕ್ಷಣೆ ಹೋಗುತ್ತದೆ, ಅದು ನೆನಪಿರಲಿ. 2020ರಲ್ಲಿ ಮೊದಲ 10% ಬಿದ್ದಾಗ ಪುಟ್ ಮಾರಿ ಖುಷಿಪಟ್ಟವರು ಉಳಿದ ಇಳಿತವನ್ನು ಬರಿಗೈಯಲ್ಲಿ ಎದುರಿಸಬೇಕಾಯಿತು. ಹೊಸಹಾದಿ ಅವರಿಗೆ ತಾರೀಖು ಗೊತ್ತಿದೆ, ಅವರು ಇಟ್ಟುಕೊಳ್ಳುವುದೇ ಸರಿ ಅಂತ ನನಗೆ ಅನ್ನಿಸುತ್ತದೆ. ಮಾರಲೇಬೇಕು ಅನ್ನಿಸಿದರೆ ಅದೇ ಹಣದಲ್ಲಿ ಸ್ವಲ್ಪ ಭಾಗ ಹಾಕಿ ಕೆಳಗಿನ ಸ್ಟ್ರೈಕ್ ಕೊಳ್ಳಲಿ. ಅದೂ ಆಗ ದುಬಾರಿಯಾಗಿರುತ್ತದೆ, ಆದರೆ ಪೂರ್ತಿ ಬರಿದಾಗುವುದಿಲ್ಲ.

ನೇರನುಡಿ:
ಇಷ್ಟೆಲ್ಲ ಓದಿದ ಮೇಲೂ, ಹಣ ಬೇಕಿರುವ ದಿನ ಗೊತ್ತಿದ್ದರೆ ಅಷ್ಟು ಷೇರನ್ನು ಈಗಲೇ ಮಾರಬೇಕು ಅಂತಲೇ ನನಗೆ ಅನ್ನಿಸುವುದು. ತೆರಿಗೆ ಇವತ್ತಲ್ಲ ನಾಳೆ ಕಟ್ಟಲೇಬೇಕು. ಹೊಸಹಾದಿ ಅವರೇ, ಈಗ ಮಾರಿದರೆ ತೆರಿಗೆ ಎಷ್ಟು, ವರ್ಷದ ಮೇಲೆ ಮಾರಿದರೆ ಎಷ್ಟು ಅಂತ ಮೊದಲು ನೋಡಿ. ವ್ಯತ್ಯಾಸ 82,500ಕ್ಕಿಂತ ಕಡಿಮೆ ಇದ್ದರೆ ನಿಮ್ಮ ಪುಟ್‌ಗೆ ಉಳಿಯುವ ಕಾರಣ ಏರಿಕೆಯ ಆಸೆ ಒಂದೇ.

ಹೊಸಹಾದಿ:
ನೇರನುಡಿ ಅವರೇ, ಈಗಷ್ಟೇ ಕೂತು ಲೆಕ್ಕ ಹಾಕಿದೆ. ಅರ್ಧ ಷೇರುಗಳಲ್ಲಿ ವ್ಯತ್ಯಾಸ ತುಂಬಾ ಕಡಿಮೆ, ಇನ್ನರ್ಧದಲ್ಲಿ ಜಾಸ್ತಿ. ಮೊದಲ ಅರ್ಧದಿಂದ 12 ಲಕ್ಷದಷ್ಟು ಈ ವಾರ ಮಾರಿ ಪಕ್ಕಕ್ಕೆ ಇಡುತ್ತೇನೆ. ಆಗ ಮನೆಗೆ ಇನ್ನೂ 12 ಲಕ್ಷ ಷೇರಿನಿಂದ ಬರಬೇಕು. ಬೀಟಾ 1.2ರಂತೆ ಅದಕ್ಕೆ 1.44 ಲಾಟ್ ಆಗುತ್ತದೆ. 1 ತೆಗೆದುಕೊಂಡರೆ ಕಡಿಮೆ, 2 ಅಂದರೆ ಜಾಸ್ತಿ. 18,000ದ ವರ್ಷದ ಪುಟ್ 2 ಲಾಟ್ ತೆಗೆದುಕೊಳ್ಳುವುದಾ, 19,000ದ್ದು 1 ಲಾಟ್ ಸಾಕಾ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಎರಡರ ಬೆಲೆಯನ್ನೂ ನಾಳೆ ನೋಡಿ ಇಲ್ಲೇ ಹಾಕುತ್ತೇನೆ.

ಅಂಕಿಸಂಕಿ:
ಹಾಕಿ. ಬೆಲೆ ನೋಡುವಾಗ ಮಾರುಕಟ್ಟೆ ತೆರೆದ ಮೊದಲ ಅರ್ಧ ಗಂಟೆ ಬಿಟ್ಟುಬಿಡಿ, ದೂರದ ಸ್ಟ್ರೈಕ್‌ಗಳಲ್ಲಿ ಆಗ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಅಂತರ ತುಂಬಾ ಅಗಲವಾಗಿರುತ್ತದೆ. ಕೊನೆಯ ವ್ಯವಹಾರದ ಬೆಲೆಯನ್ನೂ ನಂಬಬೇಡಿ, ಅದು ಎರಡು ದಿನ ಹಳೆಯದಾಗಿರಬಹುದು. ಎರಡೂ ಕಡೆಯ ಬೆಲೆ ಬರೆದುಕೊಳ್ಳಿ. 18,000ದ 2 ಲಾಟ್ ಬಗ್ಗೆ ಒಂದು ಮಾತು: 10% ಇಳಿತದವರೆಗೂ ಅದು ಏನೂ ಕೊಡುವುದಿಲ್ಲ, ಆ 12 ಲಕ್ಷದಲ್ಲಿ 1,44,000 ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಅಷ್ಟನ್ನು ಬೇರೆ ಕಡೆಯಿಂದ ಹೊಂದಿಸಲು ಸಾಧ್ಯವಿದ್ದರೆ ಮಾತ್ರ ಅದನ್ನು ಆರಿಸಿ.